ಮೂರು ಪಟ್ಟು ಮತ್ತು ಒಂದು ಪುಟ್ಟ ಬಲ್ಬು

ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ, ಆಡಿಸನ್ ಅವೆನ್ಯೂದ 367ನೇ ಮನೆಯ ಹಿಂದೆ ಮರದ ಗ್ಯಾರೇಜೊಂದಿದೆ. ಸಿಲಿಕಾನ್ ವ್ಯಾಲಿ ಹುಟ್ಟಿದ್ದು ಇಲ್ಲೇ ಎಂಬ ಫಲಕವನ್ನು ನೋಡಲು ಜನ ಬರುತ್ತಾರೆ. ಬಿಲ್ ಹ್ಯೂಲೆಟ್ ಮತ್ತು ಡೇವಿಡ್ ಪ್ಯಾಕರ್ಡ್ ಇಲ್ಲಿ ತಯಾರಿಸಿದ ಮೊದಲ ಸರಕು ಕಂಪ್ಯೂಟರ್ ಅಲ್ಲ; ಶುದ್ಧವಾದ ಸೈನ್ ಅಲೆಯನ್ನು ಹೊರಡಿಸುವ 200ಎ ಎಂಬ ಆಡಿಯೋ ಆಸಿಲೇಟರ್. ಸ್ಟ್ಯಾನ್‌ಫರ್ಡ್‌ನಲ್ಲಿ ಫ್ರೆಡ್ ಟರ್ಮನ್ ಅವರ ಶಿಷ್ಯನಾಗಿದ್ದ ಹ್ಯೂಲೆಟ್ 1939ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದು ಇದೇ ಸರ್ಕ್ಯೂಟನ್ನು.

ಅಲೆಯ ಆವರ್ತಾಂಕವನ್ನು ನಿರ್ಧರಿಸುವುದು ಎರಡು ರೆಸಿಸ್ಟರ್, ಎರಡು ಕೆಪಾಸಿಟರ್‌ಗಳ ಒಂದು ಜಾಲ. ಆಂಪ್ಲಿಫೈಯರ್‌ನಿಂದ ಹೊರಬಂದ ಅಲೆ ಮೊದಲು ಸಾಲಾಗಿ ಜೋಡಿಸಿದ ಒಂದು ರೆಸಿಸ್ಟರ್ ಮತ್ತು ಕೆಪಾಸಿಟರ್ ದಾಟುತ್ತದೆ. ಅಲ್ಲಿಂದ ನೆಲಕ್ಕೆ ಇನ್ನೊಂದು ಜೋಡಿ, ಸಮಾಂತರವಾಗಿ. ಇವೆರಡರ ನಡುವಿನ ಬಿಂದುವಿನಿಂದ ಅಲೆಯ ಒಂದು ಪಾಲನ್ನು ಆಂಪ್ಲಿಫೈಯರ್‌ನ ಒಳದಾರಿಗೆ ಹಿಂದಿರುಗಿಸುತ್ತಾರೆ. ಕಡಿಮೆ ಆವರ್ತಾಂಕದಲ್ಲಿ ಸಾಲಿನ ಕೆಪಾಸಿಟರ್ ಮೇಲುಗೈ ಪಡೆದು, ಹಿಂದಿರುಗುವ ಅಲೆ ಸಮಯದಲ್ಲಿ ಮುಂದೋಡುತ್ತದೆ. ಹೆಚ್ಚಿನ ಆವರ್ತಾಂಕದಲ್ಲಿ ನೆಲಕ್ಕಿಳಿದ ಕೆಪಾಸಿಟರ್ ಅದನ್ನು ಹಿಂದಕ್ಕೆಳೆಯುತ್ತದೆ. ಮುಂದೂ ಅಲ್ಲ ಹಿಂದೂ ಅಲ್ಲ ಎನ್ನುವ ಸ್ಥಿತಿ ಬರುವುದು ಒಂದೇ ಒಂದು ಆವರ್ತಾಂಕದಲ್ಲಿ. ಎರಡು ಜೋಡಿಗಳೂ ಸಮನಾಗಿದ್ದರೆ ಅದು

f = 1/(2πRC)

16 ಕಿಲೋಓಮ್ ಮತ್ತು 0.01 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 995 ಹರ್ಟ್ಸ್ ಬರುತ್ತದೆ. ಆ ಬಿಂದುವಿನಲ್ಲಿ ಜಾಲ ಹಿಂದಿರುಗಿಸುವುದು ಒಟ್ಟು ಅಲೆಯ ಮೂರನೇ ಒಂದು ಭಾಗ ಮಾತ್ರ. ಆದ್ದರಿಂದ ಕಳೆದುಹೋದದ್ದನ್ನು ತುಂಬಿಕೊಡಲು ಆಂಪ್ಲಿಫೈಯರ್ ಸರಿಯಾಗಿ ಮೂರು ಪಟ್ಟು ಹೆಚ್ಚಿಸಬೇಕು. ಅಲೆ ಸುತ್ತು ಹಾಕಿ ಬರುವಷ್ಟರಲ್ಲಿ ಹೊರಟ ಎತ್ತರಕ್ಕೇ, ಹೊರಟ ಹೊತ್ತಿನ ತಾಳಕ್ಕೇ ಬಂದು ಸೇರಿದರೆ ಮಾತ್ರ ಆಂದೋಲನ ಉಳಿಯುತ್ತದೆ.

ತೊಡಕಿರುವುದು ‘ಸರಿಯಾಗಿ ಮೂರು’ ಎಂಬಲ್ಲಿ. 2.99 ಆದರೆ ಪ್ರತಿ ಸುತ್ತಿಗೂ ಅಲೆ ಸವೆದು ಸತ್ತುಹೋಗುತ್ತದೆ. 3.01 ಆದರೆ ಬೆಳೆಯುತ್ತಾ ಹೋಗಿ, ವಿದ್ಯುತ್ ಪೂರೈಕೆಯ ಮಿತಿಗೆ ತಾಗಿ, ತುದಿಗಳು ಚಪ್ಪಟೆಯಾಗುತ್ತವೆ. ಬಿಡಿಭಾಗಗಳಂತೂ ಬರೆದ ಬೆಲೆಗೆ ನಿಖರವಾಗಿ ಇರುವುದಿಲ್ಲ. ಸಾಲಿನ ಜೋಡಿ R₁, C₁, ನೆಲದ ಜೋಡಿ R₂, C₂ ಎಂದಾದರೆ ಬೇಕಾದ ವರ್ಧನೆ

1 + R₁/R₂ + C₂/C₁

ಶೇಕಡಾ 5ರ ವ್ಯತ್ಯಾಸದ ಭಾಗಗಳು ಅತ್ಯಂತ ಪ್ರತಿಕೂಲವಾಗಿ ಕೂಡಿಬಂದರೆ ಇದು 3.21ರವರೆಗೆ ಏರುತ್ತದೆ. ವರ್ಧನೆಗೆಂದು 20 ಮತ್ತು 10 ಕಿಲೋಓಮ್ ಹಾಕಿ ಲೆಕ್ಕಕ್ಕೆ ಸರಿಯಾಗಿ ಮೂರು ತಂದವರ ಸರ್ಕ್ಯೂಟ್ ಎಷ್ಟೋ ಸಲ ಮೌನವಾಗಿ ಕೂರುವುದು ಇದಕ್ಕೇ. 20ರ ಬದಲು 22 ಹಾಕಿದರೆ ವರ್ಧನೆ 3.2 ಆಗಿ ಸಾಮಾನ್ಯವಾಗಿ ಹೊರಡುತ್ತದೆ, ಆದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ.

ಹ್ಯೂಲೆಟ್ ಬಳಸಿದ ಪರಿಹಾರ ನನ್ನ ಮಟ್ಟಿಗೆ ಎಲೆಕ್ಟ್ರಾನಿಕ್ಸ್‌ನ ಅತ್ಯಂತ ಸೊಗಸಾದ ಉಪಾಯಗಳಲ್ಲೊಂದು. ವರ್ಧನೆಯನ್ನು ನಿರ್ಧರಿಸುವ ಎರಡು ರೆಸಿಸ್ಟರ್‌ಗಳಲ್ಲಿ ನೆಲಕ್ಕಿರುವುದರ ಜಾಗದಲ್ಲಿ ಅವರು ಒಂದು ಸಣ್ಣ ಬಲ್ಬನ್ನು ಇಟ್ಟರು. ತಣ್ಣಗಿರುವ ತಂತುವಿನ ರೋಧ ಕಡಿಮೆ. ಆಗ ವರ್ಧನೆ ಮೂರನ್ನು ದಾಟಿ ಅಲೆ ತಾನಾಗಿ ಮೊದಲಾಗುತ್ತದೆ. ಅಲೆ ಬೆಳೆದಂತೆ ತಂತು ಕಾಯುತ್ತದೆ, ರೋಧ ಏರುತ್ತದೆ, ವರ್ಧನೆ ಇಳಿಯುತ್ತದೆ. ಇನ್ನೊಂದು ರೆಸಿಸ್ಟರ್ 430 ಓಮ್ ಇದ್ದರೆ, ಬಲ್ಬು 215 ಓಮ್ ಮುಟ್ಟುವ ಎತ್ತರದಲ್ಲಿ ಅಲೆ ನಿಂತುಬಿಡುತ್ತದೆ. ಭಾಗಗಳ ಸಣ್ಣಪುಟ್ಟ ವ್ಯತ್ಯಾಸವನ್ನೂ ಬಲ್ಬು ತನ್ನ ಬಿಸಿಯನ್ನು ಕೊಂಚ ಬದಲಿಸಿಕೊಂಡು ಸರಿದೂಗಿಸುತ್ತದೆ. ತಂತು ಅಲೆಯ ಒಂದೊಂದು ಏರಿಳಿತಕ್ಕೂ ಕಾದು ತಣಿಯುವಷ್ಟು ಚುರುಕಲ್ಲ. ಹಾಗಾಗಿ ಅಲೆಯ ಆಕಾರ ಕೆಡುವುದಿಲ್ಲ. ಕೆಲವೇ ಹರ್ಟ್ಸ್‌ಗೆ ಇಳಿದರೆ ಮಾತ್ರ ತಂತು ಅಲೆಯ ಬೆನ್ನುಹತ್ತಲು ಶುರುಮಾಡಿ, ವಿಕಾರ ಕಾಣಿಸಿಕೊಳ್ಳುತ್ತದೆ.

ಸುರುಳಿ ಬಳಸುವ ಆಸಿಲೇಟರ್‌ಗಿಂತ ಇದರಲ್ಲಿ ಇನ್ನೊಂದು ಲಾಭವಿತ್ತು. ಕೆಪಾಸಿಟರನ್ನು ಹತ್ತು ಪಟ್ಟು ಬದಲಿಸಿದರೆ ಸುರುಳಿಯಲ್ಲಿ ಆವರ್ತಾಂಕ ಮೂರು ಪಟ್ಟು ಚಿಲ್ಲರೆ ಬದಲಾದರೆ, ಇಲ್ಲಿ ಪೂರ್ತಿ ಹತ್ತು ಪಟ್ಟು. ಒಂದೇ ಗುಂಡಿಗೆ ಕಟ್ಟಿದ ಜೋಡಿ ಕೆಪಾಸಿಟರ್ ತಿರುಗಿಸಿ, ರೆಸಿಸ್ಟರ್‌ಗಳನ್ನು ಸ್ವಿಚ್‌ನಿಂದ ಬದಲಿಸಿದರೆ ಕಿವಿ ಕೇಳುವ ಶ್ರೇಣಿಯೆಲ್ಲ ಕೈಗೆ ಸಿಕ್ಕುತ್ತದೆ. ‘ಫ್ಯಾಂಟೇಸಿಯಾ’ ಚಿತ್ರದ ಧ್ವನಿ ವ್ಯವಸ್ಥೆಗೆ ವಾಲ್ಟ್ ಡಿಸ್ನಿ ಸ್ಟುಡಿಯೋ 200ಎಯ ಮುಂದಿನ ಮಾದರಿಯಾದ 200ಬಿ ಆಸಿಲೇಟರ್‌ಗಳನ್ನು ಎಂಟು ಕೊಂಡಿತು.

ಈ ಜಾಲದ ದೌರ್ಬಲ್ಯ, ಆವರ್ತಾಂಕದ ಮೇಲಿನ ಅದರ ಹಿಡಿತ ಸಡಿಲ. ಆಂಪ್ಲಿಫೈಯರ್ ಸ್ವಲ್ಪ ತಡಮಾಡಿದರೂ ಜಾಲ ಕೆಳಗಿನ ಆವರ್ತಾಂಕಕ್ಕೆ ಸರಿದು ಆ ತಡವನ್ನು ತುಂಬುತ್ತದೆ. 741 ಆಪ್-ಆಂಪ್ ಬಳಸಿ 20 ಕಿಲೋಹರ್ಟ್ಸ್‌ಗೆ ಲೆಕ್ಕ ಹಾಕಿದರೆ, ಅದರ ಒಳತಡದಿಂದ ಒಂದೂವರೆ ಕಿಲೋಹರ್ಟ್ಸ್‌ನಷ್ಟು ಕಡಿಮೆ ಬರುತ್ತದೆ.

ನೀವೇ ಕಟ್ಟಿ ನೋಡುವುದಾದರೆ ಆಸಿಲೋಸ್ಕೋಪ್‌ನ ಒಂದು ತುದಿಯನ್ನು ಹೊರದಾರಿಗೂ ಇನ್ನೊಂದನ್ನು ಜಾಲದ ನಡುಬಿಂದುವಿಗೂ ಹಚ್ಚಿ. ಎರಡೂ ಅಲೆಗಳ ಶಿಖರ ಒಂದೇ ಕ್ಷಣಕ್ಕೆ ಬಂದು, ಎತ್ತರದ ಅನುಪಾತ ಮೂರರ ಆಸುಪಾಸಿನಲ್ಲಿದ್ದರೆ ಸರ್ಕ್ಯೂಟ್ ಸರಿಯಾಗಿದೆ. ಶಿಖರಗಳು ಸರಿದಿದ್ದರೆ ರೆಸಿಸ್ಟರ್ ಬದಲಿಸುವ ಮೊದಲು ಆಂಪ್ಲಿಫೈಯರನ್ನು ಬದಲಿಸಿ.