0.1 + 0.2 ಕೂಡಿಸಿದಾಗ ಬರುವ ಆ ಕೊಸರು

ಪೈಥಾನ್ ತೆರೆದು ಈ ಸಣ್ಣ ಲೆಕ್ಕ ಕೊಟ್ಟು ನೋಡಿ:

```
>>> 0.1 + 0.2
0.30000000000000004
```

ಮೂರನೇ ತರಗತಿಯ ಮಗುವೂ ನಗುವಂಥ ಉತ್ತರ. ಆದರೆ ಕಂಪ್ಯೂಟರ್ ಕೂಡಿಸುವುದರಲ್ಲಿ ಎಡವಿಲ್ಲ. ಅದರ ಕೈಗೆ ಸಿಕ್ಕ ಸಂಖ್ಯೆಗಳೇ 0.1 ಮತ್ತು 0.2 ಆಗಿರಲಿಲ್ಲ.

ನಮ್ಮ ದಶಮಾನದಲ್ಲಿ ಮೂರನೇ ಒಂದು ಭಾಗವನ್ನು 0.333 ಎಂದು ಬರೆಯುತ್ತ ಹೋದರೆ ಮುಗಿಯುವುದೇ ಇಲ್ಲ. ಕಂಪ್ಯೂಟರಿನದು ದ್ವಿಮಾನ. ಅದು ಭಿನ್ನರಾಶಿಗಳನ್ನು ಅರ್ಧ, ಕಾಲು, ಅರೆಕಾಲು ಎಂದು ಅರ್ಧಿಸುತ್ತಲೇ ಕಟ್ಟಬೇಕು. ಹತ್ತನೇ ಒಂದು ಭಾಗ ಅಲ್ಲಿ 0.000110011001100... ಎಂದು ಕೊನೆಯಿಲ್ಲದೆ ಸಾಗುತ್ತದೆ. ಬಹುತೇಕ ಭಾಷೆಗಳು ಬಳಸುವ ಐಇಇಇ 754 ಮಾನದಂಡದ 64 ಬಿಟ್ ರೂಪದಲ್ಲಿ ಅಂಕಿಗಳಿಗೆ ಇರುವ ಜಾಗ 53 ಬಿಟ್ ಮಾತ್ರ. ಅಲ್ಲಿಗೆ ಕತ್ತರಿಸಿ, ಹತ್ತಿರದ ಸಂಖ್ಯೆಗೆ ಸರಿಹೊಂದಿಸಲೇಬೇಕು. ಹಾಗಾಗಿ 0.1 ಎಂದು ಉಳಿಯುವುದು ನಿಜಕ್ಕೂ 0.1000000000000000055 ಚಿಲ್ಲರೆ, 0.2 ಕೂಡ ಕೂದಲೆಳೆಯಷ್ಟು ಹೆಚ್ಚು.

ಸ್ವಾರಸ್ಯ ಇರುವುದು ಮುಂದೆ. ಈ ಎರಡರ ಮೊತ್ತ, ಕಂಪ್ಯೂಟರ್ ಬರೆಯಬಲ್ಲ ಎರಡು ಅಕ್ಕಪಕ್ಕದ ಸಂಖ್ಯೆಗಳ ಸರಿಯಾದ ನಡುಮಧ್ಯಕ್ಕೆ ಬೀಳುತ್ತದೆ! ಕೆಳಗಿನದು 0.3 ಎಂದು ತೋರಿಸುವ ಸಂಖ್ಯೆ, ಮೇಲಿನದು ನಾವು ಕಂಡ ವಿಚಿತ್ರ ಉತ್ತರ. ಇಂಥ ಸಮಬಲದಲ್ಲಿ ಕೊನೆಯ ಬಿಟ್ ಸೊನ್ನೆ ಇರುವುದನ್ನು ಆರಿಸು ಎಂಬುದು ನಿಯಮ. ಇಲ್ಲಿ ಅದು ಮೇಲಿನದು.

ಆದ್ದರಿಂದ `0.1 + 0.2 == 0.3` ಎಂದು ಕೇಳಿದರೆ `False` ಬರುತ್ತದೆ. ಇಂಥ ಸಂಖ್ಯೆಗಳನ್ನು ಹೋಲಿಸುವಾಗ `math.isclose` ಬಳಸಿ. ಹಣದ ಲೆಕ್ಕವಾದರೆ ರೂಪಾಯಿಯ ದಶಮಾಂಶ ಬಿಟ್ಟು, ಪೈಸೆಗಳ ಪೂರ್ಣಾಂಕದಲ್ಲೇ ಇಡಿ.