ಲೆಡ್ಜರ್‌ಗೆ ಬೀಗ ಬಿದ್ದರೆ ಬಡ್ಡಿ ಎಲ್ಲಿ ಹೋಗುತ್ತದೆ?

ಕಾರ್ಯದರ್ಶಿಯವರ ಮೇಜಿಗೆ ಒಂದು ಸಾಲಿನ ವರದಿ ಬರುತ್ತದೆ: ‘ಲೆಡ್ಜರ್ ಲಾಕ್ ಆಗಿದ್ದರಿಂದ ತಿಂಗಳ ಬಡ್ಡಿ ಲೆಕ್ಕ ಮುಂದೂಡಲಾಗಿದೆ.’ ಹುಲಿಹೈದರ ಸೀಮೆಯಂಥ ಕಡೆ, ಸಜ್ಜೆ–ತೊಗರಿ ಬೆಳೆದು ಸಂಘದಲ್ಲಿ ಸಾಲ ಪಡೆಯುವ ರೈತರ ನಡುವೆ, ಈ ಸಾಲು ಸಂಜೆಯೊಳಗೆ ಹತ್ತು ಅರ್ಥ ಪಡೆದುಕೊಳ್ಳುತ್ತದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆ ಮೇಲೆ ದಪ್ಪ ರಟ್ಟಿನ ಲೆಡ್ಜರ್‌ಗಳು ಒಂದೊಂದಾಗಿ ಕಂಪ್ಯೂಟರಿಗೆ ಇಳಿಯುತ್ತಿವೆ. ಹಾಗಾಗಿ ಈ ವರದಿಯ ಸುತ್ತ ಹುಟ್ಟುವ ನಾಲ್ಕು ನಂಬಿಕೆಗಳನ್ನು ಲೆಕ್ಕ ಹಾಕಿಯೇ ನೋಡಬೇಕು.

ನಂಬಿಕೆ 1: ಲೆಕ್ಕ ಮೂರು ದಿನ ತಡವಾದರೆ ಬಡ್ಡಿಯೂ ಮೂರು ದಿನ ಹೆಚ್ಚು ಕಡಿಮೆ ಆಗುತ್ತದೆ

ಸತ್ಯ: ಬಡ್ಡಿ ನಿಂತಿರುವುದು ರೊಕ್ಕ ಯಾವ ದಿನ ಎಷ್ಟು ಬಾಕಿ ಇತ್ತು ಎಂಬುದರ ಮೇಲೆ. ಲೆಕ್ಕ ಹಾಕಿದ ದಿನಕ್ಕೂ ಅದಕ್ಕೂ ಸಂಬಂಧವಿಲ್ಲ.

ಉದಾಹರಣೆಗೆ ಒಬ್ಬ ಸದಸ್ಯರ ಸಾಲದ ಅಸಲು 73,000 ರೂಪಾಯಿ ಇದೆ ಎನ್ನೋಣ. ಲೆಕ್ಕ ಸುಲಭವಾಗಲೆಂದು ವರ್ಷಕ್ಕೆ ಶೇ 10ರ ಸರಳ ಬಡ್ಡಿ ಹಿಡಿಯೋಣ. ದಿನಕ್ಕೆ ಸರಿಯಾಗಿ 20 ರೂಪಾಯಿ ಬಡ್ಡಿ ಬರುತ್ತದೆ. ಜೂನ್ 21ರಂದು ಅವರು 36,500 ರೂಪಾಯಿ ಕಟ್ಟಿ ರಸೀದಿ ಪಡೆಯುತ್ತಾರೆ. ಉಳಿದ ಅಸಲಿಗೆ ದಿನದ ಬಡ್ಡಿ 10 ರೂಪಾಯಿ. ಜೂನ್ 1ರಿಂದ 20ರವರೆಗಿನ 20 ದಿನಕ್ಕೆ 400, ಆಮೇಲಿನ 10 ದಿನಕ್ಕೆ 100, ಒಟ್ಟು 500 ರೂಪಾಯಿ. ಈ ಲೆಕ್ಕವನ್ನು ಜೂನ್ 30ರ ರಾತ್ರಿ ಹಾಕಿದರೂ 500, ಜುಲೈ 3ರ ಮಧ್ಯಾಹ್ನ ಹಾಕಿದರೂ 500.

ಆದರೆ ಇದಕ್ಕೆ ಒಂದು ಷರತ್ತಿದೆ. ಜುಲೈ 3ರಂದು ಲೆಕ್ಕ ಹಾಕುವವರು ‘ಎಲ್ಲಿಯವರೆಗೆ’ ಎಂಬಲ್ಲಿ ಜೂನ್ 30 ಎಂದೇ ಕೊಡಬೇಕು. ಠೇವಣಿಯ ಬಡ್ಡಿಯನ್ನು ಅಸಲಿಗೆ ಸೇರಿಸುವ ತಿಂಗಳಾದರೆ ಜಮಾ ದಿನಾಂಕವೂ ಜೂನ್ 30 ಆಗಿರಬೇಕು. ಅದು ಜುಲೈ 3 ಆಗಿಬಿಟ್ಟರೆ ಆ ಬಡ್ಡಿಯ ಮೇಲೆ ಸಿಗಬೇಕಾದ ಮೂರು ದಿನದ ಬಡ್ಡಿ ಸದಸ್ಯರಿಗೆ ನಿಜವಾಗಿಯೂ ತಪ್ಪುತ್ತದೆ.

ನಂಬಿಕೆ 2: ಲಾಕ್ ಎಂದರೆ ಕಂಪ್ಯೂಟರ್ ಕೆಟ್ಟಿದೆ, ಇಲ್ಲವೇ ಯಾರೋ ಏನೋ ಮುಚ್ಚಿಡುತ್ತಿದ್ದಾರೆ

ಸತ್ಯ: ಲಾಕ್ ಎಂದರೆ ಲೆಡ್ಜರ್ ಒಳಗೆ ಕೆಲಸ ನಡೆಯುತ್ತಿದೆ, ಅದು ಮುಗಿಯುವವರೆಗೆ ಬೇರೆಯವರು ಕೈ ಹಾಕುವಂತಿಲ್ಲ ಎಂಬ ಸೂಚನೆ. ಹಳೆಯ ಲೆಡ್ಜರ್‌ನಲ್ಲಿ ಗುಮಾಸ್ತರು ಒಂದು ಪುಟ ಬರೆಯುತ್ತಿರುವಾಗ ಇನ್ನೊಬ್ಬರು ಅದೇ ಪುಟ ಎಳೆದುಕೊಂಡು ಕೂಡಿಸುತ್ತಿರಲಿಲ್ಲವಲ್ಲ, ಇದೂ ಹಾಗೆಯೇ.

ಈ ಕಾವಲು ಯಾಕೆ ಬೇಕು ಎಂಬುದು ಮೇಲಿನ ಉದಾಹರಣೆಯಲ್ಲೇ ಇದೆ. ಜೂನ್ 21ರ ಕೈರಸೀದಿಯನ್ನು ಕಂಪ್ಯೂಟರಿಗೆ ಏರಿಸಿದ್ದು ಜೂನ್ 30ರ ಸಂಜೆ ಎಂದುಕೊಳ್ಳಿ. ತಿಂಗಳ ರಸೀದಿಗಳೆಲ್ಲ ಸಾಲಾಗಿ ಏರುತ್ತಿವೆ. ಅರ್ಧ ಏರಿವೆ, ಇವರದು ಇನ್ನೂ ಬಾಕಿ. ಆಗಲೇ ಬಡ್ಡಿ ಲೆಕ್ಕ ಓಡಿದರೆ ಅದಕ್ಕೆ ತಿಂಗಳಿಡೀ 73,000 ರೂಪಾಯಿಯೇ ಕಾಣುತ್ತದೆ. 30 ದಿನಕ್ಕೆ 20ರಂತೆ 600 ರೂಪಾಯಿ ಬರೆಯುತ್ತದೆ. ರೊಕ್ಕ ಕಟ್ಟಿದ ಸದಸ್ಯರ ಮೇಲೆ 100 ರೂಪಾಯಿ ಅನ್ಯಾಯವಾಗಿ ಬೀಳುತ್ತದೆ. ಮುಂದೂಡಿದ್ದರಿಂದ ಉಳಿದದ್ದು ಆ ನೂರು ರೂಪಾಯಿ.

ಲಾಕ್‌ನಲ್ಲಿ ಎರಡು ಬಗೆ ಇವೆ ಎಂಬುದನ್ನು ಕಾರ್ಯದರ್ಶಿಯವರು ಬೇರೆ ಮಾಡಿ ನೋಡಬೇಕು. ನಮೂದು ಏರುವಾಗ ತಾನಾಗಿ ಬಿದ್ದು ತಾನಾಗಿ ತೆರೆಯುವುದು ಒಂದು. ಲೆಕ್ಕಪರಿಶೋಧನೆಗೆಂದೋ ತಿಂಗಳು ಮುಗಿಸಲೆಂದೋ ಮನುಷ್ಯರೇ ಒಂದು ಅವಧಿಗೆ ಹಾಕುವುದು ಇನ್ನೊಂದು. ಮೊದಲನೆಯದಕ್ಕೆ ಕಾದರೆ ಸಾಕು. ಎರಡನೆಯದು ಅಧಿಕಾರ ಇದ್ದವರು ತೆರೆಯುವವರೆಗೆ ತೆರೆಯುವುದಿಲ್ಲ.

ನಂಬಿಕೆ 3: ಕಂಪ್ಯೂಟರ್ ಆರಿಸಿ ಹಚ್ಚಿದರೆ ಲಾಕ್ ಬಿಡುತ್ತದೆ, ಲೆಕ್ಕ ಮುಗಿಸಬಹುದು

ಸತ್ಯ: ಲಾಕ್ ಬಿಡಬಹುದು, ಆದರೆ ಅದರ ಹಿಂದಿದ್ದ ಕೆಲಸ ಅರ್ಧಕ್ಕೆ ನಿಲ್ಲಬಹುದು. ಉಳಿತಾಯ ಖಾತೆಯಿಂದ ಸಾಲದ ಖಾತೆಗೆ ರೊಕ್ಕ ವರ್ಗ ಮಾಡುವಾಗ ಒಂದು ಕಡೆ ಖರ್ಚು, ಇನ್ನೊಂದು ಕಡೆ ಜಮಾ ಆಗಬೇಕು. ಒಳ್ಳೆಯ ತಂತ್ರಾಂಶ ಎರಡನ್ನೂ ಒಟ್ಟಿಗೆ ಬರೆಯುತ್ತದೆ, ಆಗದಿದ್ದರೆ ಎರಡನ್ನೂ ರದ್ದು ಮಾಡುತ್ತದೆ. ಒಂದೊಂದಾಗಿ ಬರೆಯುವ ತಂತ್ರಾಂಶದಲ್ಲಿ ನಡುವೆ ಕರೆಂಟ್ ತೆಗೆದರೆ ಖರ್ಚು ಬಿದ್ದು ಜಮಾ ಉಳಿದುಹೋಗುತ್ತದೆ.

ನಡೆಯುತ್ತಿದ್ದ ಕೆಲಸ ಸತ್ತು ಲಾಕ್ ಮಾತ್ರ ಉಳಿದುಬಿಡುವುದೂ ಉಂಟು. ಅದನ್ನು ಗುರುತಿಸಲು ಮೂರು ಪ್ರಶ್ನೆ ಸಾಕು. ಯಾರ ಲಾಗಿನ್‌ನಿಂದ ಲಾಕ್ ಬಿದ್ದಿದೆ? ಎಷ್ಟು ಹೊತ್ತಿನಿಂದ ಇದೆ? ಈ ಹೊತ್ತಿನಲ್ಲಿ ನಮೂದುಗಳ ಸಂಖ್ಯೆ ಏರಿದೆಯೇ? ಸಂಖ್ಯೆ ಏರುತ್ತಿದ್ದರೆ ಕೆಲಸ ಜೀವಂತವಾಗಿದೆ, ಮುಟ್ಟಬಾರದು. ಆ ಲಾಗಿನ್‌ನವರು ಮನೆಗೆ ಹೋಗಿ ಗಂಟೆಗಳಾಗಿ, ಒಂದು ನಮೂದೂ ಏರದಿದ್ದರೆ ಅದು ಉಳಿದ ಲಾಕ್ ಇರಬಹುದು. ಆಗಲೂ ಮೊದಲು ಬ್ಯಾಕಪ್ ತೆಗೆದುಕೊಂಡು, ತಂತ್ರಾಂಶದ ನೆರವು ತಂಡದಿಂದಲೇ ತೆಗೆಸಬೇಕು. ಆಮೇಲೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುವುದನ್ನೂ, ಆ ದಿನದ ರಸೀದಿಗಳ ಮೊತ್ತ ನಗದು ಪುಸ್ತಕಕ್ಕೆ ಹೊಂದುವುದನ್ನೂ ನೋಡದೆ ಬಡ್ಡಿಗೆ ಕೈ ಹಾಕಬಾರದು. ಎರಡನೆಯದನ್ನು ಬಿಡಬಾರದು, ಏಕೆಂದರೆ ರಸೀದಿ ಪೂರ್ತಿ ಏರದೇ ಇದ್ದರೂ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗಿಯೇ ಕಾಣುತ್ತದೆ.

ನಂಬಿಕೆ 4: ಖಾತ್ರಿಗೆ ಇನ್ನೊಮ್ಮೆ ಲೆಕ್ಕ ಓಡಿಸಿದರೆ ತಪ್ಪಿಲ್ಲ

ಸತ್ಯ: ಮುಂದೂಡಿದ ಲೆಕ್ಕದಲ್ಲಿ ದೊಡ್ಡ ಅಪಾಯ ಇಲ್ಲಿಯೇ. ಮೊದಲ ಸಲ ಅದು ಪೂರ್ತಿ ನಿಂತಿತ್ತೋ, ಕೆಲವು ಖಾತೆ ಮುಗಿಸಿ ನಿಂತಿತ್ತೋ? ಮುಗಿದಿದ್ದ ಖಾತೆಗಳಿಗೆ ಎರಡನೇ ಸಲವೂ ಓಡಿಸಿದರೆ, ತಂತ್ರಾಂಶ ತಡೆಯದಿದ್ದಲ್ಲಿ, 500ರ ಜಾಗದಲ್ಲಿ 1,000 ಬೀಳುತ್ತದೆ. ಪ್ರತಿ ಖಾತೆಯಲ್ಲಿ ಬಡ್ಡಿ ಲೆಕ್ಕ ಹಾಕಿದ ಕೊನೆಯ ದಿನಾಂಕ ಇರುತ್ತದೆ. ಮತ್ತೆ ಓಡಿಸುವ ಮುನ್ನ ಆ ಪಟ್ಟಿ ತೆಗೆಯಬೇಕು. ಎಲ್ಲ ಖಾತೆಯಲ್ಲೂ ಮೇ 31 ಇದ್ದರೆ ಯಾವುದೂ ನಡೆದಿಲ್ಲ. ಕೆಲವದರಲ್ಲಿ ಜೂನ್ 30 ಬಂದಿದ್ದರೆ ಅವನ್ನು ಬಿಟ್ಟುಬಿಡುವಂತಿಲ್ಲ. ಅರ್ಧ ಏರಿದ ಬಾಕಿಯ ಮೇಲೆ ಲೆಕ್ಕ ಬಿದ್ದಿರಬಹುದು. ಅವನ್ನು ಹಿಂದಕ್ಕೆ ತಿರುಗಿಸಿ, ಎಲ್ಲವನ್ನೂ ಒಂದೇ ಸಲ ಹೊಸದಾಗಿ ಹಾಕಬೇಕು.

ಮುಂದೂಡಿದರೂ ನಿಲ್ಲದವು

ಲಾಕ್ ಬಿದ್ದರೂ ಸದಸ್ಯರ ಗಡುವು ಮುಂದೆ ಹೋಗುವುದಿಲ್ಲ. ರಾಜ್ಯದಲ್ಲಿ ಬಡ್ಡಿ ಇಲ್ಲದ ಅಲ್ಪಾವಧಿ ಬೆಳೆ ಸಾಲದ ಮಿತಿ 2023–24ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ಈ ಸವಲತ್ತು ಸಿಗುವುದು ಗಡುವಿನೊಳಗೆ ಮರುಪಾವತಿ ಮಾಡಿದವರಿಗೆ. ಆದ್ದರಿಂದ ಲಾಕ್ ಇದ್ದಾಗ ಗಡುವಿನ ಕೊನೆಯ ದಿನ ರೊಕ್ಕ ತಂದವರನ್ನು ‘ನಾಳೆ ಬನ್ನಿ’ ಎಂದು ಕಳಿಸಬಾರದು. ಕೈರಸೀದಿ ಕೊಟ್ಟು, ನಂತರ ರಸೀದಿಯ ದಿನಾಂಕದಲ್ಲೇ ಏರಿಸಬೇಕು. ಹಾಗೆಯೇ ಸಂಘವು ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿಗೆ ಕೊಡಬೇಕಾದ ಬಡ್ಡಿಯೂ ತನ್ನ ದಿನಾಂಕಕ್ಕೇ ಓಡುತ್ತಿರುತ್ತದೆ.

ಹಾಗಾದರೆ ವರದಿ ಹೇಗಿರಬೇಕು?

ಒಂದು ಸಾಲಿನ ವರದಿಯೇ ಅನುಮಾನದ ಬೇರು. ಅದರ ಬದಲು ಇಷ್ಟು ಬರೆದರೆ ಆಡಳಿತ ಮಂಡಳಿಯ ಸಭೆಯಲ್ಲೂ ಲೆಕ್ಕಪರಿಶೋಧಕರ ಮುಂದೆಯೂ ನಿಲ್ಲುತ್ತದೆ:

‘ಮಾನ್ಯ ಕಾರ್ಯದರ್ಶಿಯವರಿಗೆ. ಜೂನ್ ತಿಂಗಳ ಬಡ್ಡಿ ಲೆಕ್ಕವನ್ನು 30ರ ಸಂಜೆ ಆರಂಭಿಸಲಾಯಿತು. ಆಗ ತಿಂಗಳ ರಸೀದಿಗಳು ಏರುತ್ತಿದ್ದು ಲೆಡ್ಜರ್ ಲಾಕ್ ಆಗಿತ್ತು. ಲೆಕ್ಕ ಯಾವ ಖಾತೆಗೂ ಬಿದ್ದಿಲ್ಲ. ಎಲ್ಲ ಖಾತೆಗಳಲ್ಲಿ ಕೊನೆಯ ಬಡ್ಡಿ ದಿನಾಂಕ ಮೇ 31 ಇದೆ, ಪಟ್ಟಿ ಲಗತ್ತಿಸಿದೆ. ರಸೀದಿಗಳು ಪೂರ್ತಿ ಏರಿ, ಟ್ರಯಲ್ ಬ್ಯಾಲೆನ್ಸ್ ಹಾಗೂ ನಗದು ಪುಸ್ತಕ ತಾಳೆಯಾದ ಮೇಲೆ, ಜುಲೈ 3ರಂದು ಜೂನ್ 30ರವರೆಗಿನ ಬಡ್ಡಿ ಹಾಕಲಾಗುವುದು. ಜಮಾ ದಿನಾಂಕ ಜೂನ್ 30 ಇರುತ್ತದೆ. ಯಾವ ಸದಸ್ಯರ ಬಡ್ಡಿಯೂ ಇದರಿಂದ ಬದಲಾಗುವುದಿಲ್ಲ.’

ಕೊನೆಯ ವಾಕ್ಯವನ್ನು ಸದಸ್ಯರು ಪರೀಕ್ಷಿಸಿ ನೋಡಬಹುದು. ರಸೀದಿಯ ದಿನಾಂಕ ಹಿಡಿದು, ದಿನಕ್ಕೆ ಎಷ್ಟು ಎಂದು ಲೆಕ್ಕ ಹಾಕಿ, ಪಾಸ್‌ಬುಕ್ಕಿನ ಬಡ್ಡಿಯ ಜೊತೆ ಹೋಲಿಸಿದರೆ ಸಾಕು. ಹೊಂದದಿದ್ದರೆ ರಸೀದಿ ತೋರಿಸಿ ಕೇಳುವ ಹಕ್ಕು ಪ್ರತಿ ಸದಸ್ಯರಿಗೂ ಇದೆ.