980 ರೂಪಾಯಿಯ ಒಳಗೇನಿತ್ತು?

2019ರ ಮಾರ್ಚ್‌ನಲ್ಲಿ ಬೆಂಗಳೂರಿನ ಐಟಿ ವಲಯದ ಮಾತೆಲ್ಲ ಒಂದೇ ಸುದ್ದಿಯ ಸುತ್ತ ಸುತ್ತುತ್ತಿತ್ತು. ಕಾಫಿ ಡೇಯ ವಿ.ಜಿ. ಸಿದ್ಧಾರ್ಥ ಮತ್ತು ಅವರ ಕಂಪನಿಗಳ ಬಳಿ ಇದ್ದ ಮೈಂಡ್‌ಟ್ರೀಯ ಶೇ 20.32ರಷ್ಟು ಷೇರನ್ನು ಎಲ್ ಅಂಡ್ ಟಿ ಕೊಂಡುಕೊಳ್ಳಲು ಒಪ್ಪಂದ ಮಾಡಿಕೊಂಡಿತ್ತು. ದರ ಷೇರಿಗೆ 980 ರೂಪಾಯಿ. ಅದೇ ದರಕ್ಕೆ ಇನ್ನೂ ಶೇ 31ರಷ್ಟನ್ನು ಸಾರ್ವಜನಿಕ ಷೇರುದಾರರಿಂದ ಕೊಳ್ಳುವ ಓಪನ್ ಆಫರ್ ಕೂಡ ಹೊರಬಿತ್ತು. ಕೃಷ್ಣಕುಮಾರ್ ನಟರಾಜನ್, ಸುಬ್ರತೊ ಬಾಗ್ಚಿ ಮೊದಲಾದ ಸ್ಥಾಪಕರು ಬಹಿರಂಗವಾಗಿಯೇ ವಿರೋಧಿಸಿದರು. ಭಾರತದ ಐಟಿ ಕ್ಷೇತ್ರ ಇಂಥ ಒಲ್ಲದ ಸ್ವಾಧೀನವನ್ನು ಅದುವರೆಗೆ ಹೆಚ್ಚು ಕಂಡಿರಲಿಲ್ಲ.

ಜಗಳದ ಕಾವು ಈಗ ಆರಿದೆ. ಲೆಕ್ಕದ ಪ್ರಶ್ನೆ ಮಾತ್ರ ಇನ್ನೂ ಕುತೂಹಲದ್ದು: 980 ಹೆಚ್ಚೋ, ಕಡಿಮೆಯೋ? ಸಿಎ ಅಂತಿಮ ಹಂತದಲ್ಲೂ ಎಂಬಿಎ ತರಗತಿಗಳಲ್ಲೂ ಕಲಿಸುವ ಡಿಸ್ಕೌಂಟೆಡ್ ಕ್ಯಾಶ್ ಫ್ಲೋ ವಿಧಾನಕ್ಕೆ ಈ ಪ್ರಕರಣ ಹೇಳಿ ಮಾಡಿಸಿದಂತಿದೆ.

ವಿಧಾನದ ತಿರುಳು ಸರಳ. ಕಂಪನಿಯ ಬೆಲೆ ಎಂದರೆ ಅದು ಮುಂದೆ ತನ್ನ ಮಾಲೀಕರಿಗೂ ಸಾಲ ಕೊಟ್ಟವರಿಗೂ ಬಿಟ್ಟುಕೊಡಬಲ್ಲ ನಗದಿನ ಇಂದಿನ ಮೌಲ್ಯ. ಇಲ್ಲಿ ಲೆಕ್ಕಕ್ಕೆ ಬರುವುದು ಲಾಭವಲ್ಲ, ನಗದು. ಕಾರ್ಯಾಚರಣೆಯ ಲಾಭದಿಂದ ತೆರಿಗೆ ಕಳೆಯಬೇಕು. ಸವಕಳಿ ಕಾಗದದ ಮೇಲಿನ ಖರ್ಚಾದ್ದರಿಂದ ಅದನ್ನು ವಾಪಸ್ ಕೂಡಿಸಬೇಕು. ಹೊಸ ಆಸ್ತಿಗೆ ಹಾಕಿದ ಹಣವನ್ನೂ ಗ್ರಾಹಕರಿಂದ ಇನ್ನೂ ಬರಬೇಕಾದ ಬಾಕಿಯಂಥ ದುಡಿಯುವ ಬಂಡವಾಳದಲ್ಲಿ ಸಿಕ್ಕಿಬಿದ್ದ ಹಣವನ್ನೂ ಕಳೆಯಬೇಕು. ಉಳಿಯುವುದೇ ಫ್ರೀ ಕ್ಯಾಶ್ ಫ್ಲೋ. ಸಾಲದ ಬಡ್ಡಿಯನ್ನು ಇಲ್ಲಿ ಮುಟ್ಟುವುದಿಲ್ಲ, ಏಕೆಂದರೆ ಅದು ಬಂಡವಾಳ ವೆಚ್ಚದ ದರದಲ್ಲಿ ಆಗಲೇ ಸೇರಿರುತ್ತದೆ.

ಮೈಂಡ್‌ಟ್ರೀಯ 2018-19ರ ಆದಾಯ ಸುಮಾರು 7,000 ಕೋಟಿ, ನಿವ್ವಳ ಲಾಭ ಸುಮಾರು 750 ಕೋಟಿ. ಇದಕ್ಕೆ ಹೊಂದುವಂತೆ ಕೆಲವು ದುಂಡು ಸಂಖ್ಯೆಗಳನ್ನು ಊಹಿಸಿಕೊಳ್ಳೋಣ. ಇವು ಯಾರ ಅಧಿಕೃತ ಅಂದಾಜೂ ಅಲ್ಲ. ಕಾರ್ಯಾಚರಣೆಯ ಲಾಭ 900 ಕೋಟಿ. ಶೇ 25 ತೆರಿಗೆ ಹೋದರೆ 675. ಸವಕಳಿ 165 ಕೂಡಿಸಿದರೆ 840. ಬಂಡವಾಳ ವೆಚ್ಚಕ್ಕೆ 150, ದುಡಿಯುವ ಬಂಡವಾಳಕ್ಕೆ 90 ಕಳೆದರೆ ಕೈಗೆ ಸಿಗುವುದು 600 ಕೋಟಿ.

ಈ 600 ಐದು ವರ್ಷ ಶೇ 15ರ ವೇಗದಲ್ಲಿ ಬೆಳೆಯಲಿ. ಮೊದಲ ವರ್ಷ 690 ಇದ್ದದ್ದು ಐದನೆಯ ವರ್ಷಕ್ಕೆ ಸುಮಾರು 1,207 ಕೋಟಿ ಆಗುತ್ತದೆ. ಡಿಸ್ಕೌಂಟ್ ದರ ಶೇ 12 ಇರಲಿ. ಸರ್ಕಾರಿ ಬಾಂಡ್ ಆಗ ಶೇ 7ರ ಆಸುಪಾಸಿನಲ್ಲಿತ್ತು, ಅದರ ಮೇಲೆ ಶೇ 5ರಷ್ಟು ಅಪಾಯದ ಪ್ರತಿಫಲ. ಮೈಂಡ್‌ಟ್ರೀಗೆ ಸಾಲ ಇಲ್ಲವೆನ್ನುವಷ್ಟು ಕಡಿಮೆ ಇದ್ದುದರಿಂದ ಷೇರುದಾರರು ಬಯಸುವ ಪ್ರತಿಫಲವೇ ಇಲ್ಲಿ ಬಂಡವಾಳ ವೆಚ್ಚ. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ: ಕೊಳ್ಳುವ ಕಂಪನಿಯ ದರವನ್ನು ಹಾಕಿಬಿಡುತ್ತಾರೆ. ಎಲ್ ಅಂಡ್ ಟಿ ಎಷ್ಟೇ ಅಗ್ಗದಲ್ಲಿ ಹಣ ಎತ್ತಲಿ, ಈ ನಗದು ಬರುವುದು ಮೈಂಡ್‌ಟ್ರೀಯ ವ್ಯವಹಾರದಿಂದ. ಆದ್ದರಿಂದ ಅಪಾಯವೂ ಅದರದೇ, ದರವೂ ಅದರದೇ.

ಐದು ವರ್ಷಗಳ ನಗದಿನ ಇಂದಿನ ಮೌಲ್ಯ ಒಟ್ಟು 3,250 ಕೋಟಿ. ಕೊಳ್ಳುವವನು ಕೊಡಲು ಹೊರಟ ಬೆಲೆ ಎಷ್ಟು? ಷೇರು ಸುಮಾರು 16.4 ಕೋಟಿ, ದರ 980. ಎಂದರೆ ಇಡೀ ಕಂಪನಿಗೆ 16,000 ಕೋಟಿಗೂ ಮೇಲೆ. ಮಿಕ್ಕಿದ್ದೆಲ್ಲ ಎಲ್ಲಿಂದ ಬರಬೇಕು?

ಆರನೆಯ ವರ್ಷದಿಂದ ಆಚೆಗೆ, ಟರ್ಮಿನಲ್ ವ್ಯಾಲ್ಯೂ ಎಂಬ ಒಂದೇ ಸಾಲಿನಿಂದ. ಐದನೆಯ ವರ್ಷದ ನಂತರ ನಗದು ಒಂದೇ ಸ್ಥಿರ ದರದಲ್ಲಿ ಬೆಳೆಯುತ್ತಲೇ ಹೋಗುತ್ತದೆ ಎಂದು ಹಿಡಿದು, ಆರನೆಯ ವರ್ಷದ ನಗದನ್ನು ಡಿಸ್ಕೌಂಟ್ ದರಕ್ಕೂ ಬೆಳವಣಿಗೆ ದರಕ್ಕೂ ಇರುವ ಅಂತರದಿಂದ ಭಾಗಿಸುತ್ತಾರೆ. ಬೆಳವಣಿಗೆ ಶೇ 5 ಎಂದರೆ 1,207ಕ್ಕೆ ಶೇ 5 ಸೇರಿಸಿ, ಶೇ 7ರಿಂದ ಭಾಗಿಸಿ: ಸುಮಾರು 18,100 ಕೋಟಿ. ಇದು ಐದನೆಯ ವರ್ಷದ ಕೊನೆಯ ಮೌಲ್ಯ. ಲೆಕ್ಕದಲ್ಲಿ ಆರನೆಯ ವರ್ಷದ ನಗದು ಇದೆಯೆಂದು ಆರು ವರ್ಷ ಹಿಂದಕ್ಕೆ ತಂದರೆ ತಪ್ಪು. ಐದೇ ವರ್ಷ ತರಬೇಕು. ತಂದರೆ 10,270 ಕೋಟಿ. ಒಟ್ಟು 13,520. ಇದಕ್ಕೆ ಕಂಪನಿಯ ಕೈಯಲ್ಲಿರುವ ನಗದು, ಹೂಡಿಕೆ ಎಂದು 1,000 ಕೋಟಿ ಸೇರಿಸಿ ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ 885 ರೂಪಾಯಿ.

ಹಾಗಾದರೆ 980 ದುಬಾರಿಯೇ? ಬೆಳವಣಿಗೆಯನ್ನು ಶೇ 5ರಿಂದ 6ಕ್ಕೆ ಏರಿಸಿ ನೋಡಿ: ಷೇರು 997ಕ್ಕೆ ಜಿಗಿಯುತ್ತದೆ. 4ಕ್ಕೆ ಇಳಿಸಿದರೆ 802. ಐದು ವರ್ಷದ ಅಂದಾಜಿನಲ್ಲಿ ಒಂದಕ್ಷರವನ್ನೂ ಬದಲಿಸದೆ, ಯಾರೂ ಕಂಡಿರದ ಭವಿಷ್ಯದ ಒಂದು ಅಂಕಿಯನ್ನು ಅಲುಗಿಸಿದರೆ ಸಾಕು, ಅದೇ ಆಫರ್ ಅನ್ಯಾಯವೂ ಆಗುತ್ತದೆ, ಔದಾರ್ಯವೂ ಆಗುತ್ತದೆ. ಡಿಸ್ಕೌಂಟ್ ದರವೂ ಇಷ್ಟೇ ಚಂಚಲ. ಶೇ 12ರ ಬದಲು 11 ಹಾಕಿದರೆ 885 ಇದ್ದದ್ದು 1,029. ಮಾರುವವನ ಬ್ಯಾಂಕರ್, ಕೊಳ್ಳುವವನ ಬ್ಯಾಂಕರ್ ಇಬ್ಬರೂ ಪ್ರಾಮಾಣಿಕವಾಗಿಯೇ ಬೇರೆ ಬೇರೆ ಬೆಲೆ ಹೇಳಬಲ್ಲರು.

ಆದರೆ ಈ ಆಟಕ್ಕೆ ಲಗಾಮು ಇದೆ. ಯಾವ ಕಂಪನಿಯೂ ದೇಶದ ಆರ್ಥಿಕತೆಗಿಂತ ವೇಗವಾಗಿ ಶಾಶ್ವತವಾಗಿ ಬೆಳೆಯಲಾರದು, ಬೆಳೆದರೆ ಒಂದು ದಿನ ದೇಶವೇ ಅದರೊಳಗೆ ಬರಬೇಕಾಗುತ್ತದೆ. ಇನ್ನೊಂದು ಲಗಾಮನ್ನು ಬಹಳ ಮಂದಿ ಮರೆಯುತ್ತಾರೆ: ಬೆಳವಣಿಗೆ ಪುಕ್ಕಟೆಯಲ್ಲ. ಹೆಚ್ಚು ಬೆಳೆಯಬೇಕಾದರೆ ಲಾಭದ ಹೆಚ್ಚಿನ ಪಾಲನ್ನು ಮರುಹೂಡಬೇಕು, ಅಷ್ಟರಮಟ್ಟಿಗೆ ಫ್ರೀ ಕ್ಯಾಶ್ ಫ್ಲೋ ಕುಗ್ಗಬೇಕು. ಹೊಸ ಹೂಡಿಕೆಗೆ ಶೇ 30 ಪ್ರತಿಫಲ ಬರುತ್ತದೆ ಎಂದುಕೊಂಡರೆ ಶೇ 6 ಬೆಳವಣಿಗೆಗೆ ತೆರಿಗೆ ನಂತರದ ಲಾಭದ ಐದನೆಯ ಒಂದು ಭಾಗ ಹೋಗಬೇಕು. ಮೇಲಿನ ಲೆಕ್ಕದಲ್ಲಿ ಅದರ ಸುಮಾರು ಅರ್ಧದಷ್ಟೇ ಹೋಗುತ್ತಿತ್ತು. ಸರಿಪಡಿಸಿದರೆ 997ರ ಬೆಲೆ 923ಕ್ಕೆ ಇಳಿದು, ಆಫರ್ ದರಕ್ಕಿಂತ ಮತ್ತೆ ಕೆಳಗೆ ಬರುತ್ತದೆ. ಬರುವ ಮೌಲ್ಯಮಾಪನದಲ್ಲಿ ಬೆಳವಣಿಗೆ ಏರಿದಾಗ ಮರುಹೂಡಿಕೆ ಅಲುಗಾಡದೆ ನಿಂತಿದ್ದರೆ ಅನುಮಾನಿಸುವುದು ಲೇಸು.

ಲೆಕ್ಕವನ್ನು ಇನ್ನೊಂದು ಬದಿಯಿಂದಲೂ ತಾಳೆ ನೋಡಬಹುದು. ನಮ್ಮ 18,100 ಕೋಟಿ ಟರ್ಮಿನಲ್ ವ್ಯಾಲ್ಯೂ, ಐದನೆಯ ವರ್ಷದ ಸವಕಳಿಪೂರ್ವ ಲಾಭದ ಸುಮಾರು ಎಂಟೂವರೆ ಪಟ್ಟು. 980ರ ದರದಲ್ಲಿ ಎಲ್ ಅಂಡ್ ಟಿ ಅಂದಿನ ಲಾಭಕ್ಕೆ ಕೊಟ್ಟದ್ದು ಸುಮಾರು ಹದಿನಾಲ್ಕು ಪಟ್ಟು. ವೇಗ ತಗ್ಗಿದ ಕಂಪನಿಗೆ ಗುಣಕವೂ ತಗ್ಗಬೇಕಾದ್ದು ಸಹಜ, ಹಾಗಾಗಿ ಎಂಟೂವರೆ ನಂಬಬಹುದಾದದ್ದೇ. ಇಪ್ಪತ್ತು ಪಟ್ಟು ಬಂದಿದ್ದರೆ ಊಹೆಗಳನ್ನು ಮತ್ತೆ ತೆರೆದು ನೋಡಬೇಕಿತ್ತು.

ಇಷ್ಟಾದರೂ ಇದು ಮೈಂಡ್‌ಟ್ರೀ ಒಂಟಿಯಾಗಿ ನಿಂತಾಗಿನ ಬೆಲೆ. ಕೊಳ್ಳುವವನಿಗೆ ಜೊತೆಗೂಡುವಿಕೆಯ ಲಾಭವೂ ಇದೆ: ಹಂಚಿಕೊಂಡ ಗ್ರಾಹಕರು, ಉಳಿದ ಖರ್ಚು. ಅದನ್ನು ಒಂಟಿ ಬೆಲೆಗೆ ಬೆರೆಸದೆ ಪ್ರತ್ಯೇಕವಾಗಿ ಇಡುವುದು ಒಳ್ಳೆಯದು. ನಮ್ಮ 885ರ ಮೇಲೆ 95 ರೂಪಾಯಿ ಹೆಚ್ಚು ಕೊಟ್ಟರೆ ಇಡೀ ಕಂಪನಿಯ ಮೇಲೆ ಸುಮಾರು 1,560 ಕೋಟಿ. ಶೇ 5ರಂತೆ ಬೆಳೆಯುವ ಲಾಭ ಅದನ್ನು ತೀರಿಸಬೇಕಾದರೆ ಮೊದಲ ವರ್ಷವೇ ತೆರಿಗೆ ಕಳೆದು ಸುಮಾರು 109 ಕೋಟಿ ಬರಬೇಕು.

ಜೂನ್ 2019ರಲ್ಲಿ ಮೈಂಡ್‌ಟ್ರೀಯ ಸ್ವತಂತ್ರ ನಿರ್ದೇಶಕರ ಸಮಿತಿ ಆಫರ್ ನ್ಯಾಯಯುತವಾಗಿದೆ ಎಂದಿತು. ಜುಲೈ ಹೊತ್ತಿಗೆ ಎಲ್ ಅಂಡ್ ಟಿಯ ಪಾಲು ಸುಮಾರು ಶೇ 60ಕ್ಕೆ ತಲುಪಿತ್ತು. ಆ 109 ಕೋಟಿಯಂಥ ಉಳಿತಾಯಕ್ಕೆ ಒಂದೇ ಸೂರು ಬೇಕು. ಎಲ್ ಅಂಡ್ ಟಿಯ ಇನ್ನೊಂದು ಐಟಿ ಕಂಪನಿಯೊಂದಿಗೆ ಮೈಂಡ್‌ಟ್ರೀ ವಿಲೀನವಾಗಿ ಎಲ್‌ಟಿಐಮೈಂಡ್‌ಟ್ರೀ ಹುಟ್ಟಿದ್ದು ನವೆಂಬರ್ 2022ರಲ್ಲಿ, ಸ್ವಾಧೀನವಾಗಿ ಮೂರು ವರ್ಷ ಕಳೆದ ಮೇಲೆ. ಶೇ 12ರ ದರದಲ್ಲಿ ಮೂರು ವರ್ಷ ತಡವಾಗಿ ಬರುವ ಒಂದು ರೂಪಾಯಿಗೆ ಇಂದು 71 ಪೈಸೆ ಬೆಲೆ.